ಲೈವ್‌ನಲ್ಲಿ ಇಳಕಲ್ ಸೀರೆ: ಯಾವುದು ಮೊದಲು, ಏನು ತೋರಿಸಬೇಕು

ಅಂಗಡಿಗೆ ಬಂದ ಹೆಣ್ಣುಮಕ್ಕಳು ಇಳಕಲ್ ಸೀರೆಯನ್ನು ಕೈಯಿಂದ ನೋಡುತ್ತಾರೆ. ಸೆರಗು ಹಿಡಿಯುತ್ತಾರೆ, ದಡಿಯನ್ನು ಬೆರಳ ಮೇಲೆ ಹಾಸಿಕೊಳ್ಳುತ್ತಾರೆ, ಒಡಲನ್ನು ಉಜ್ಜುತ್ತಾರೆ, ಮಗುಚಿ ಹಿಂಬದಿ ನೋಡುತ್ತಾರೆ, ಬೆಲೆ ಕೇಳುವುದು ಆಮೇಲೆ. ಫೋನಿನ ಮುಂದೆ ನಿಂತು ಲೈವ್‌ನಲ್ಲಿ ಮಾರುತ್ತಾ ನಾನು ಕಲಿತದ್ದೆಲ್ಲ ಇದರ ಸುತ್ತಲೇ ಇದೆ. ಆ ಕೈಗಳು ಮಾಡುವ ಕೆಲಸವನ್ನು ಅವರ ಪರವಾಗಿ ನಾನು ಮಾಡಿ ತೋರಿಸಬೇಕು. ಯಾವುದನ್ನು ಬಿಡುತ್ತೇನೋ ಅದು ಪ್ರಶ್ನೆಯಾಗಿ ಕಮೆಂಟಿನಲ್ಲಿ ಬರುತ್ತದೆ.

ಮೊದಲಿಗೆ ಸೀರೆಗಳ ಕ್ರಮ. ಲೈವ್ ಶುರುವಾದ ಕೂಡಲೇ ಎಲ್ಲರೂ ಇರುವುದಿಲ್ಲ. ನೋಟಿಫಿಕೇಶನ್ ನೋಡಿ, ಒಲೆ ಆರಿಸಿ, ಒಬ್ಬೊಬ್ಬರಾಗಿ ಬರುತ್ತಾರೆ. ಹಾಗಾಗಿ ಶುರುವಿಗೆ ನಾನು ಎತ್ತಿಕೊಳ್ಳುವುದು ಒಂದೇ ಬಗೆಯಲ್ಲಿ ಹಲವು ಪ್ರತಿಗಳಿರುವ, ಮಧ್ಯಮ ಬೆಲೆಯ ಹತ್ತಿ ಒಡಲಿನ ಸೀರೆಗಳನ್ನು. ತಡವಾಗಿ ಬಂದವರು ಕೇಳಿದರೂ ಅವು ಸಿಗುತ್ತವೆ. ಒಂದೊಂದೇ ಇರುವ ರೇಷ್ಮೆ ಸೀರೆಗಳನ್ನು ನಡುವಿಗೆ, ಜನ ಸೇರಿದ ಹೊತ್ತಿಗೆ ಇಡುತ್ತೇನೆ. ಅಗ್ಗದವು ಕೊನೆಗೆ. ಮೊದಲೇ ಅಗ್ಗದ್ದು ತೋರಿಸಿದರೆ ಆ ಬೆಲೆಯೇ ಮನಸ್ಸಿನಲ್ಲಿ ಕೂತು, ಮುಂದಿನ ಪ್ರತಿ ಸೀರೆಗೂ "ಇಷ್ಟ್ಯಾಕ್ರೀ?" ಎಂಬ ಮಾತು ಬರುತ್ತದೆ.

ಬಣ್ಣದ ಕ್ರಮ ಇನ್ನೂ ಮುಖ್ಯ. ಲೈವ್ ಎಂದರೂ ನಾನು ತೋರಿಸಿದ್ದು ನೋಡುವವರಿಗೆ ತಲುಪಲು ಕೆಲವು ಸೆಕೆಂಡ್ ಹಿಡಿಯುತ್ತದೆ. ನೆಟ್‌ವರ್ಕ್ ಸರಿಯಿಲ್ಲದ ಊರಲ್ಲಿ ಇನ್ನೂ ಹೆಚ್ಚು. ನಾನು ಎರಡನೆಯ ಸೀರೆ ಎತ್ತಿದಾಗ ಬರುವ "ಇದು ನನಗೆ ಬೇಕು" ಎಂಬ ಕಮೆಂಟು ಮೊದಲನೆಯದಕ್ಕೆ ಇರಬಹುದು. ದಾಳಿಂಬೆ ಕೆಂಪಿನ ಬೆನ್ನಿಗೆ ಕುಂಕುಮ ಕೆಂಪು ತೋರಿಸಿದರೆ ಯಾರಿಗೆ ಯಾವುದು ಎಂದು ತಿಳಿಯುವುದೇ ಇಲ್ಲ. ಅದಕ್ಕೇ ಕೆಂಪಿನ ಬೆನ್ನಿಗೆ ಗಿಣಿ ಹಸಿರು, ಅದರ ಬೆನ್ನಿಗೆ ನೀಲಿ ಎಂದು ಮೊದಲೇ ಜೋಡಿಸಿಡುತ್ತೇನೆ. ಪ್ರತಿ ಸೀರೆಗೂ ದೊಡ್ಡ ಅಂಕಿಯ ಚೀಟಿ ಪಿನ್ ಮಾಡಿರುತ್ತದೆ. ಸ್ಕ್ರೀನ್‌ಶಾಟ್ ಎಲ್ಲಿ ತೆಗೆದರೂ ಅಂಕಿ ಅದರಲ್ಲಿ ಬೀಳಬೇಕು. ತಡ ಎಷ್ಟಿದೆ ಎಂದು ಅಳೆಯುವುದು ಸುಲಭ: ಪಕ್ಕದ ಕೋಣೆಯಲ್ಲಿ ಇನ್ನೊಂದು ಫೋನಿನಲ್ಲಿ ಮೊಬೈಲ್ ಡೇಟಾ ಹಾಕಿ ನಮ್ಮದೇ ಲೈವ್ ತೆರೆದಿಟ್ಟು, ಇಲ್ಲಿ ಚಪ್ಪಾಳೆ ತಟ್ಟಿ, ಅಲ್ಲಿ ಕಾಣುವವರೆಗೆ ಎಣಿಸಿದರಾಯಿತು. ಒಂದು ಸೀರೆ ಮುಗಿದ ಮೇಲೆ ಅಷ್ಟು ಹೊತ್ತು, ಮೇಲೆ ಸ್ವಲ್ಪ, ಅದನ್ನು ಕೈಯಲ್ಲೇ ಹಿಡಿದು ಮಾತಾಡುತ್ತೇನೆ.

ಇನ್ನು ತೋರಿಸುವ ಬಗೆ. ಒಂದು ಸೀರೆಯನ್ನೇ ತೆಗೆದುಕೊಳ್ಳೋಣ: ಅಂಕಿ 14, ದಾಳಿಂಬೆ ಬಣ್ಣದ ಹತ್ತಿ ಒಡಲು, ಚಿಕ್ಕಿ ದಡಿ, ತೋಪು ತೆನೆ ಸೆರಗು.

ಅಂಕಿ, ಬೆಲೆ, ಉದ್ದ, ಈ ಮೂರನ್ನು ಮೊದಲ ಮಾತಲ್ಲೇ ಹೇಳಿಬಿಡುತ್ತೇನೆ. ಬೆಲೆ ತಡೆಹಿಡಿದರೆ ಕಮೆಂಟೆಲ್ಲ "ಎಷ್ಟು, ಎಷ್ಟು" ಎಂದು ತುಂಬಿ, ನಿಜವಾದ ಪ್ರಶ್ನೆ ಅದರಡಿ ಮುಚ್ಚಿಹೋಗುತ್ತದೆ. ಉದ್ದ ಹೇಳಲೇಬೇಕು, ಏಕೆಂದರೆ ಇಳಕಲ್ ಸೀರೆ 6 ಗಜದ್ದೂ ಉಂಟು, ಕಚ್ಚೆ ಹಾಕುವವರಿಗೆ ಬೇಕಾದ 9 ಗಜದ್ದೂ ಉಂಟು. ಮಡಿಕೆಯಲ್ಲಿ ಎರಡೂ ಒಂದೇ ತರಹ ಕಾಣುತ್ತವೆ.

ಆಮೇಲೆ ಸೆರಗು ಬಿಡಿಸಿ, ಅದು ಒಡಲಿಗೆ ಸೇರುವ ಗೆರೆಯನ್ನು ಕ್ಯಾಮೆರಾಗೆ ಗೇಣಿನಷ್ಟು ಹತ್ತಿರ ತರುತ್ತೇನೆ. ಇಳಕಲ್ ಸೀರೆಯ ಗುರುತೇ ಅಲ್ಲಿದೆ. ಒಡಲಿನ ಹಾಸೆಳೆ ಬೇರೆ, ಸೆರಗಿನ ಕೆಂಪು ಹಾಸೆಳೆ ಬೇರೆ. ನೇಕಾರರು ಒಂದೊಂದು ಎಳೆಯನ್ನೂ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಉಗುರಿನಿಂದ ಎಳೆಗಳನ್ನು ಮೆಲ್ಲಗೆ ಸರಿಸಿದರೆ, ಉದ್ದಕ್ಕೆ ಹೋಗುವ ಎಳೆಯ ಬಣ್ಣ ಆ ಗೆರೆಯಲ್ಲೇ ಬದಲಾಗುವುದು ಕಾಣುತ್ತದೆ. ಒಡಲಿನ ಬಣ್ಣದ ಎಳೆಯೇ ಸೆರಗಿನೊಳಕ್ಕೂ ಹರಿದಿದ್ದರೆ ಅಲ್ಲಿ ಕೊಂಡಿಯ ಕೆಲಸವಿಲ್ಲ. ಒಡಲೂ ಸೆರಗೂ ಒಂದೇ ಕೆಂಪಾಗಿದ್ದಾಗ ಈ ವ್ಯತ್ಯಾಸ ಕ್ಯಾಮೆರಾದಲ್ಲಿ ಕಾಣದು. ಅದಕ್ಕೇ ಈ ಪಾಠವನ್ನು ಹಸಿರು ಒಡಲಿನ ಸೀರೆಯಲ್ಲಿ ಒಮ್ಮೆ ತೋರಿಸಿ, 14ರಲ್ಲಿ ಗೆರೆಯ ಹಿಂಬದಿಯನ್ನಷ್ಟೇ ತೋರಿಸುತ್ತೇನೆ.

ಮೂರನೆಯದು ದಡಿ, ನಾಲ್ಕನೆಯದು ಒಡಲು. ಒಡಲನ್ನು ಅಂಗೈ ಮೇಲೆ ಹರಡಿ ಬೆಳಕಿಗೆ ಹಿಡಿದರೆ ನೇಯ್ಗೆ ಎಷ್ಟು ಒತ್ತಾಗಿದೆ ಎಂದು ಅವರೇ ನೋಡಿಕೊಳ್ಳುತ್ತಾರೆ. ಒಡಲು ಹತ್ತಿ, ಸೆರಗು ಆರ್ಟ್ ಸಿಲ್ಕ್ ಎಂದು ಎರಡನ್ನೂ ಬಿಡಿಸಿ ಹೇಳುತ್ತೇನೆ. "ರೇಷ್ಮೆ ಸೆರಗು" ಎಂದು ತೇಲಿಸಿ ಹೇಳುವುದು ನಾಳೆಯ ಜಗಳಕ್ಕೆ ಇವತ್ತೇ ಬೀಜ ಹಾಕಿದಂತೆ. ಕೊನೆಗೆ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ. ಬಟ್ಟೆ ಹೇಗೆ ಬೀಳುತ್ತದೆ ಎಂಬುದು ದೂರದಿಂದಲೇ ತಿಳಿಯಬೇಕು.

ಬಣ್ಣದ ಬಗ್ಗೆ ಎಚ್ಚರ ಬೇಕು. ಚೌಕಟ್ಟಿನ ತುಂಬ ಕೆಂಪೇ ಇದ್ದರೆ ಫೋನಿನ ಕ್ಯಾಮೆರಾ ತಾನೇ ಬಣ್ಣ ತಿದ್ದಲು ಹೋಗಿ ದಾಳಿಂಬೆಯನ್ನು ಬೇರೆಯದೇ ಬಣ್ಣವಾಗಿ ತೋರಿಸಿಬಿಡಬಹುದು. ಹಿಂದೆ ಒಂದು ಬಿಳಿ ಪಂಚೆ ಕಟ್ಟಿ, ಅದು ಯಾವಾಗಲೂ ಚೌಕಟ್ಟಿನಲ್ಲಿ ಕಾಣುವಂತೆ ಇಟ್ಟರೆ ಇದು ಬಹಳಷ್ಟು ತಗ್ಗುತ್ತದೆ. ಕಿಟಕಿಯ ಬೆಳಕು, ಹಳದಿ ಬಲ್ಬು ಎರಡನ್ನೂ ಬೆರೆಸಬಾರದು. ಮುಖ ಚೆಂದ ಮಾಡುವ ಫಿಲ್ಟರ್ ಆರಿಸಿರಬೇಕು. ಪಂಚೆ ತೆರೆಯ ಮೇಲೆ ನೀಲಿಯಾಗಿಯೋ ಹಳದಿಯಾಗಿಯೋ ಕಂಡರೆ ಸೀರೆಯ ಬಣ್ಣವೂ ಸುಳ್ಳು ಹೇಳುತ್ತಿದೆ ಎಂದೇ ಅರ್ಥ.

ಪ್ರಶ್ನೆಗಳಿಗೆ ಇಬ್ಬರು ಬೇಕು. ನನ್ನ ತಂಗಿ ಕಮೆಂಟ್ ನೋಡುತ್ತಾಳೆ. ಬೆಲೆ, ಕೊರಿಯರ್, ಎಷ್ಟು ದಿನ ಎಂಬಂಥವಕ್ಕೆ ಅವಳೇ ಬರೆದು ಉತ್ತರಿಸುತ್ತಾಳೆ. ಸೀರೆಯನ್ನು ಮುಟ್ಟಿ ಉತ್ತರಿಸಬೇಕಾದ್ದನ್ನು ಮಾತ್ರ ನನಗೆ ಓದುತ್ತಾಳೆ. ನಾನು ಪ್ರಶ್ನೆಯನ್ನು ಜೋರಾಗಿ ಮತ್ತೊಮ್ಮೆ ಹೇಳಿ, ಅಂಕಿಯನ್ನೂ ಸೇರಿಸಿ, ಉತ್ತರ ಕೊಡುತ್ತೇನೆ: "ಅಕ್ಕಾರು 14 ಬಣ್ಣ ಬಿಡತೈತೇನು ಅಂತ ಕೇಳ್ಯಾರ." ಆಗ ಈಗಷ್ಟೇ ಬಂದವರಿಗೂ ಮಾತು ತಿಳಿಯುತ್ತದೆ. ಬಣ್ಣದ ಪ್ರಶ್ನೆಗೆ ಬಾಯಿಮಾತು ಸಾಲದು. ಒದ್ದೆ ಮಾಡಿದ ಬಿಳಿ ಅರಿವೆಯಿಂದ ಅಂಚಿನ ಒಳಮಡಿಕೆಯನ್ನು ಒತ್ತಿ ತೋರಿಸುತ್ತೇನೆ. ಅರಿವೆಗೆ ಬಣ್ಣ ಹತ್ತಿದರೆ ಹತ್ತಿತು ಎಂದೇ ಹೇಳಿ, ಮೊದಲ ಸಲ ಬೇರೆಯಾಗಿ ತಣ್ಣೀರಲ್ಲಿ ಒಗೆಯಲು ತಿಳಿಸುತ್ತೇನೆ. "ಬ್ಲೌಸ್ ಪೀಸ್ ಬರತ್ತಾ?" ಎಂದು ಬೆಂಗಳೂರಿನವರು ಪ್ರತಿ ಸಲ ಕೇಳುತ್ತಿದ್ದರು. ಈಗ ಬ್ಲೌಸ್ ಪೀಸ್ ಇಲ್ಲದ ಪ್ರತಿ ಸೀರೆಯ ಪಕ್ಕ ಹೊಂದುವ ಗುಳೇದಗುಡ್ಡ ಖಣ ಒಂದನ್ನು ಇಟ್ಟೇ ತೋರಿಸುತ್ತೇನೆ. ಆ ಪ್ರಶ್ನೆ ಈಗ ಖಣದ ಮಾರಾಟವಾಗಿದೆ.

ಒಂದೇ ಸೀರೆಗೆ ಇಬ್ಬರು ಬಂದರೆ ವಾಟ್ಸಾಪ್‌ಗೆ ಯಾರ ಸ್ಕ್ರೀನ್‌ಶಾಟ್ ಮೊದಲು ಬಂತೋ ಅವರದು. ಕಮೆಂಟಿನ ಹೊತ್ತು ಲೆಕ್ಕಕ್ಕಿಲ್ಲ. ಈ ನಿಯಮವನ್ನು ನಡುನಡುವೆ ಹೇಳುತ್ತಿರುತ್ತೇನೆ. ಫೋನ್ ನಂಬರನ್ನು ಕಮೆಂಟಿನಲ್ಲಿ ಹಾಕಬೇಡಿ ಎಂದೂ ಹೇಳುತ್ತೇನೆ, ಏಕೆಂದರೆ ಅದನ್ನು ನೋಡಿ ನಮ್ಮ ಹೆಸರಿನಲ್ಲಿ ಬೇರೆ ಯಾರೋ ಕ್ಯೂಆರ್ ಕೋಡ್ ಕಳಿಸಿ ಹಣ ಕೀಳಬಹುದು.

ಲೈವ್ ಮುಗಿದ ಮೇಲೆ ನಾವಿಬ್ಬರೂ ಕೂತು ಪ್ರಶ್ನೆಗಳನ್ನು ಮತ್ತೆ ಓದುತ್ತೇವೆ. ಹಲವರು ಕೇಳಿದ್ದು ಮುಂದಿನ ಸಲ ತೋರಿಸುವ ಕ್ರಮಕ್ಕೆ ಸೇರುತ್ತದೆ. ಆದರೂ ತೂಕ ಮತ್ತು ಮೆದುತನ ಗಾಜಿನಾಚೆ ಹೋಗುವುದಿಲ್ಲ. ಆದ್ದರಿಂದ ಮದುವೆಗೆಂದು ಶುದ್ಧ ರೇಷ್ಮೆಯ ಸೀರೆ ಮೊದಲ ಸಲ ಕೊಳ್ಳುವವರಿಗೆ ನಾನು ಲೈವ್‌ನಲ್ಲಿ ಬುಕ್ ಮಾಡಿಸುವುದಿಲ್ಲ. ಮರುದಿನ ಹಗಲು ಬೆಳಕಿನಲ್ಲಿ ವಿಡಿಯೋ ಕಾಲ್ ಮಾಡಿ ನೋಡಿ, ಹತ್ತಿರದವರಾದರೆ ಬಂದು ಮುಟ್ಟಿ ನೋಡಿ ಎನ್ನುತ್ತೇನೆ. ಅಷ್ಟರವರೆಗೆ ಆ ಸೀರೆಯನ್ನು ಅವರಿಗಾಗಿ ತೆಗೆದಿಡುತ್ತೇನೆ.