ಹಿಂಡಿದ ಮೇಲೆ ಉಳಿದ ನೀರು

ಮೈಸೂರಿನಲ್ಲಿ ಹದಿನಾಲ್ಕು ವರ್ಷದಿಂದ ನೆಲ ಒರೆಸುವುದೇ ನನ್ನ ಅನ್ನದ ದಾರಿ. ಮೊದಲ ಆರು ವರ್ಷ ಒಂದು ನರ್ಸಿಂಗ್ ಹೋಮಿನಲ್ಲಿ ಹೌಸ್‌ಕೀಪಿಂಗ್ ಮಾಡಿದೆ. ಈಗ ಐದು ಜನ ಹೆಂಗಸರನ್ನು ಕಟ್ಟಿಕೊಂಡು ಒಂದಷ್ಟು ಮನೆ, ಎರಡು ಕಚೇರಿ, ಒಂದು ಕಲ್ಯಾಣ ಮಂಟಪ ನೋಡಿಕೊಳ್ಳುತ್ತೇನೆ. "ಯಾವ ಮಾಪ್ ತಗೊಳ್ಳಲಿ?" ಅಂತ ಕೇಳದ ಮನೆಯವರಿಲ್ಲ. ನಿಮ್ಮನೆ ನೆಲ ಯಾವುದು, ಬಕೆಟ್ ನೀರು ಎಷ್ಟು ಸಲ ಬದಲಾಯಿಸುತ್ತೀರಿ ಅಂತ ನಾನು ತಿರುಗಿ ಕೇಳುತ್ತೇನೆ. ಎರಡನೆಯ ಪ್ರಶ್ನೆಗೆ ಹೆಚ್ಚಿನವರು ಸುಮ್ಮನಾಗುತ್ತಾರೆ.

1. ನೆಲ ಅಂಟುತ್ತಿದ್ದರೆ ಮೊದಲು ಬಕೆಟ್ ನೋಡಿ

ಕುವೆಂಪುನಗರದಲ್ಲಿ ಒಂದು ಮನೆ. ಎರಡು ಬೆಡ್‌ರೂಮ್, ಹಾಲ್, ಅಡುಗೆಮನೆ, ಎಲ್ಲ ಕಡೆ ಬಿಳಿ ವಿಟ್ರಿಫೈಡ್ ಟೈಲ್ಸ್. ಸ್ಪಿನ್ ಮಾಪ್ ತಂದು ಎರಡು ತಿಂಗಳಾಗಿತ್ತು. "ದಿನಾ ಒರೆಸ್ತೀವಿ ಅಕ್ಕ, ಆದ್ರೂ ಹೆಜ್ಜೆ ಗುರುತು ಬೀಳುತ್ತೆ, ಕಾಲಿಗೆ ಅಂಟುತ್ತೆ. ಈ ಮಾಪೇ ಸರಿಯಿಲ್ಲ" ಅಂತ ಆ ಮನೆಯಾಕೆ ಅದನ್ನು ಎಸೆಯಲು ಹೊರಟಿದ್ದರು.

ಒಂದು ಹಳೇ ಬಿಳಿ ಪಂಚೆ ತುಂಡನ್ನು ಬರೀ ಬಿಸಿನೀರಿನಲ್ಲಿ ಅದ್ದಿ ಹಾಲಿನ ನಡುವಿನ ಒಂದೇ ಒಂದು ಟೈಲ್ ಉಜ್ಜಿದೆ. ಬಟ್ಟೆಯನ್ನು ಮಗ್ಗಿನಲ್ಲಿ ಜಾಲಿಸಿದರೆ ನೊರೆ ಬಂತು. ನಾವು ಸೋಪೇ ಹಾಕಿರಲಿಲ್ಲ! ಅಂದರೆ ಅಷ್ಟು ದಿನ ಸುರಿದ ಫ್ಲೋರ್ ಕ್ಲೀನರ್ ನೆಲದ ಮೇಲೆ ಪದರವಾಗಿ ಕೂತಿತ್ತು. ಅಂಟು ಅದರದ್ದು, ಧೂಳು ಹಿಡಿಯುತ್ತಿದ್ದುದೂ ಅದೇ. ಮಾರನೇ ದಿನ ಹೋಗಿ ನೋಡಿದರೆ ಉಜ್ಜಿದ ಟೈಲಿನ ಮೇಲೆ ಹೆಜ್ಜೆ ಇರಲಿಲ್ಲ, ಪಕ್ಕದವುಗಳ ಮೇಲೆಲ್ಲ ಇತ್ತು.

ಆ ದಿನ ಕೆಲಸದವಳು ಒರೆಸುವಾಗ ಜೊತೆಗೇ ನಿಂತೆ. ಅರ್ಧ ಬಕೆಟ್ ನೀರಿಗೆ ಕಣ್ಣಳತೆಯಲ್ಲಿ ಬಾಟಲಿ ಬಗ್ಗಿಸಿದಳು. ಮುಚ್ಚಳದಲ್ಲಿ ಅಳೆದಿದ್ದರೆ ನಾಲ್ಕು ಮುಚ್ಚಳಕ್ಕೆ ಕಡಿಮೆಯಿಲ್ಲ. ಲೇಬಲ್ ಹೇಳುತ್ತಿದ್ದುದು ಒಂದು. ಒಂದೊಂದು ಕೋಣೆ ಮುಗಿದಾಗಲೂ ಗಾಜಿನ ಲೋಟದಲ್ಲಿ ನೀರು ಎತ್ತಿ ಕಿಟಕಿ ಮೇಲೆ ಇಡುತ್ತಾ ಹೋದೆ. ಹಾಲ್ ಮುಗಿದಾಗ ನಿಂಬೆ ಶರಬತ್ತು, ಎರಡು ರೂಮ್ ಆದಾಗ ಚಹಾ, ಅಡುಗೆಮನೆ ಆದಾಗ ಕಾಫಿ. ಸ್ಪಿನ್ ಮಾಪಿನ ಬುಟ್ಟಿ ತಿರುಗಿದಾಗ ಹಾರುವ ಕೊಳೆನೀರು ಬೀಳುವುದು ಅದೇ ಬಕೆಟ್ಟಿಗೆ. ಮಾಪ್ ಒಣಗಿದಂತೆ ಕಂಡರೂ ಮುಂದಿನ ಸಲ ಅದ್ದುವುದು ಆ ಕಾಫಿಯಲ್ಲಿ.

ಮೂರು ದಿನ ಏನೂ ಹಾಕದೆ ಬರೀ ಉಗುರುಬೆಚ್ಚಗಿನ ನೀರಿನಲ್ಲಿ ಒರೆಸಿಸಿದೆ. ನಾಲ್ಕನೇ ದಿನದಿಂದ ಅಳತೆಯ ಒಂದು ಮುಚ್ಚಳ, ಹಾಲ್ ಮುಗಿದ ಮೇಲೆ ಹೊಸ ನೀರು, ಬೆಡ್‌ರೂಮ್ ಮುಗಿದ ಮೇಲೆ ಇನ್ನೊಮ್ಮೆ, ಅಡುಗೆಮನೆ ಕೊನೆಗೆ. ವಾರದೊಳಗೆ ನೆಲ ಸರಿಹೋಯಿತು. ಮಾಪ್ ಅದೇ. ಕೊಳೆನೀರಿಗೆ ಬೇರೆ ಅರೆ ಇರುವ ಬಕೆಟ್ಟುಗಳು ಈಗ ಬಂದಿವೆ. ಹೊಸದಾಗಿ ಕೊಳ್ಳುವವರು ಸ್ಟೀಲ್ ಬುಟ್ಟಿಗೆ ಕೊಡುವ ಹೆಚ್ಚಿನ ದುಡ್ಡನ್ನು ಅದಕ್ಕೆ ಕೊಡಲಿ.

2. ಸ್ಪಿನ್ ಮಾಪಿನಲ್ಲಿ ಎಣಿಕೆ ಮುಖ್ಯ

ಈ ಮಾಪಿನ ದೊಡ್ಡ ಅನುಕೂಲವೆಂದರೆ ನೀರು ಎಷ್ಟು ಉಳಿಯಬೇಕೆಂದು ನಾವೇ ತೀರ್ಮಾನಿಸಬಹುದು. ಹಿಡಿ ಒತ್ತುವುದನ್ನು ಎಣಿಸಿ ಅಂತ ನಮ್ಮ ಹುಡುಗಿಯರಿಗೆ ಹೇಳಿಕೊಟ್ಟಿದ್ದೇನೆ. ಅಡುಗೆಮನೆ ಜಿಡ್ಡಿಗೆ ಮೂರು ನಾಲ್ಕು ಒತ್ತು, ಟೈಲ್ಸ್ ಮತ್ತು ಗ್ರಾನೈಟಿಗೆ ಆರು ಏಳು, ಲ್ಯಾಮಿನೇಟ್ ಮರದ ನೆಲಕ್ಕೆ ಹತ್ತಕ್ಕೂ ಹೆಚ್ಚು. ಒಬ್ಬೊಬ್ಬರ ಕೈಬಲ ಒಂದೊಂದು ಥರ, ಆದ್ದರಿಂದ ಕೊನೆಯ ಪರೀಕ್ಷೆ ನೆಲದ್ದೇ: ಫ್ಯಾನ್ ಹಾಕಿದರೆ ಟೈಲ್ಸ್ ಎರಡು ಮೂರು ನಿಮಿಷದಲ್ಲಿ ಒಣಗಬೇಕು. ಲ್ಯಾಮಿನೇಟ್ ಮೇಲೆ ಒರೆಸಿದ ಹಿಂದೆಯೇ ತೇವ ಆರಬೇಕು. ಅದರ ಹಲಗೆಗಳ ಸಂದಿಗೆ ನೀರಿಳಿದರೆ ಒಳಗಿನ ಮರದ ಪುಡಿಯ ಹಲಗೆ ಉಬ್ಬುತ್ತದೆ, ಅಂಚು ಎದ್ದು ಕಾಲಿಗೆ ತಾಗುತ್ತದೆ. ಒಮ್ಮೆ ಉಬ್ಬಿದ್ದು ಮತ್ತೆ ಕೂರುವುದಿಲ್ಲ.

ಎಳೆಗಳನ್ನೆಲ್ಲ ಬುಟ್ಟಿಯೊಳಗೆ ಕೂರಿಸಿಯೇ ತಿರುಗಿಸಿ. ಒಂದು ಎಳೆ ಹೊರಗುಳಿದರೂ ಗೋಡೆಗೆ ಅಭಿಷೇಕ. ತಲೆ ಉರುಟಾಗಿರುವುದರಿಂದ ಮೂಲೆಗೆ ಈ ಮಾಪ್ ಹೋಗುವುದಿಲ್ಲ. ಆರು ತಿಂಗಳು ಸ್ಪಿನ್ ಮಾಪ್ ಮಾತ್ರ ಕಂಡ ಮನೆಯನ್ನು ಕೋಣೆಯ ನಾಲ್ಕು ಮೂಲೆಯ ಕಪ್ಪು ತ್ರಿಕೋನ ನೋಡಿಯೇ ನಾನು ಗುರುತಿಸುತ್ತೇನೆ. ಕುಕ್ಕರಗಾಲಲ್ಲಿ ಕೂತು ಬಟ್ಟೆಯಲ್ಲಿ ಒರೆಸುತ್ತಿದ್ದ ನಮ್ಮಮ್ಮನ ಕಾಲದಲ್ಲಿ ಆ ತ್ರಿಕೋನ ಇರಲಿಲ್ಲ. ಅದಕ್ಕೆ ಅವರು ಕೊಟ್ಟಿದ್ದು ಎರಡೂ ಮಂಡಿ.

3. ದಾರದ ಮಾಪನ್ನು ಎಸೆಯಬೇಡಿ, ಹೊರಗೆ ಕಳಿಸಿ

ಹತ್ತಿಯ ದಾರದ ಮಾಪ್ ಈಗ ಎಲ್ಲರ ಬಾಯಲ್ಲೂ ಹಳೇ ಕಾಲದ್ದು. ಕಲ್ಯಾಣ ಮಂಟಪದ ಊಟದ ಮನೆಯಲ್ಲಿ ಸಾರು ಚೆಲ್ಲಿದಾಗ ಮಾತ್ರ ಎಲ್ಲರಿಗೂ ಅದೇ ಬೇಕು. ಚೆಲ್ಲಿದ್ದನ್ನು ಅದು ಹೀರಿದಂತೆ ಸ್ಪಿನ್ ಮಾಪೂ ಫ್ಲಾಟ್ ಮಾಪೂ ಹೀರುವುದಿಲ್ಲ. ಅಲ್ಲಿನ ಹಿಂಭಾಗಕ್ಕೆ ಹಾಸಿರುವುದು ಒರಟು ಶಹಾಬಾದ್ ಕಲ್ಲು. ಅದರ ಮೇಲೆ ಮೈಕ್ರೋಫೈಬರ್ ಪ್ಯಾಡ್ ತಳ್ಳಿದರೆ ಎಳೆ ಕಲ್ಲಿಗೆ ಸಿಕ್ಕಿ ಹತ್ತೇ ದಿನಕ್ಕೆ ಜೂಲು ಜೂಲಾಗುತ್ತದೆ. ದಾರ ತಗ್ಗುದಿಣ್ಣೆಗಳಿಗೆಲ್ಲ ಇಳಿಯುತ್ತದೆ, ಹರಿದರೂ ನಷ್ಟ ಹೆಚ್ಚಿಲ್ಲ.

ಇದರ ಕಷ್ಟ ತೂಕ. ನಮ್ಮ ಒಂದು ಮಾಪಿನ ತಲೆಯನ್ನು ತರಕಾರಿ ತಕ್ಕಡಿಯಲ್ಲಿ ತೂಗಿಸಿದ್ದೆ. ಒಣಗಿದ್ದಾಗ ಮುನ್ನೂರೈವತ್ತು ಗ್ರಾಂ, ಕೈಯಲ್ಲಿ ಹಿಂಡಿದ ಮೇಲೂ ಒಂದು ಕಿಲೋ ದಾಟಿತ್ತು. ಅದನ್ನು ಬಾಗಿ ಎತ್ತಿ, ತಿರುಚಿ, ದಿನಕ್ಕೆ ನೂರು ಸಲ ಹಿಂಡಿದವರ ಮಣಿಕಟ್ಟು ಏನಾಗುತ್ತದೆಂದು ನನ್ನ ಬಲಗೈ ಹೇಳುತ್ತದೆ. ಒತ್ತಿ ಹಿಂಡುವ ರಿಂಗರ್ ಬಕೆಟ್ ಇಲ್ಲದ ಕಡೆ ಈ ಮಾಪನ್ನು ನಮ್ಮವರಿಗೆ ಕೊಡುವುದಿಲ್ಲ.

ಮಳೆಗಾಲದಲ್ಲಿ ಅದರ ಬುಡ ಎರಡು ದಿನವಾದರೂ ಒಣಗುವುದಿಲ್ಲ. ನೆಲ ಒರೆಸಿದ ಹತ್ತು ನಿಮಿಷಕ್ಕೆ ಮನೆಯೆಲ್ಲ ಮುಗ್ಗಲು ವಾಸನೆ ಬಂದರೆ ಮಾಪನ್ನೇ ಮೂಸಿ ನೋಡಿ. ಅದರ ಮೇಲೆ ಇನ್ನಷ್ಟು ಫಿನಾಯಿಲ್ ಸುರಿದು ಪ್ರಯೋಜನವಿಲ್ಲ.

4. ಕೋಣೆಗೊಂದು ಪ್ಯಾಡ್

ನರ್ಸಿಂಗ್ ಹೋಮಿನಲ್ಲಿ ಫ್ಲಾಟ್ ಮಾಪ್ ಬಂದಾಗ ನಮಗೆಲ್ಲ ಸಿಟ್ಟು. ಒಂದು ಮಾಪಿಗೆ ಇಪ್ಪತ್ತು ಪ್ಯಾಡ್ ಯಾಕೆ ಅಂತ. ಸೋಂಕು ನಿಯಂತ್ರಣದ ಸಿಸ್ಟರ್ ಆಗ ಹೇಳಿದ ಲೆಕ್ಕ ಇನ್ನೂ ನೆನಪಿದೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ರುಟಾಲಾ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ಪರೀಕ್ಷೆ ಅದು. ಸಾಮಾನ್ಯ ಸೋಪಿನ ದ್ರಾವಣದಲ್ಲಿ ಮೈಕ್ರೋಫೈಬರ್ ಮಾಪ್ ನೆಲದ ಸೂಕ್ಷ್ಮಜೀವಿಗಳಲ್ಲಿ ಶೇಕಡಾ 95 ತೆಗೆಯಿತು, ಹತ್ತಿ ದಾರದ ಮಾಪ್ ಶೇಕಡಾ 68. ಸೋಂಕುನಾಶಕ ಬೆರೆಸಿದಾಗ ಹತ್ತಿಯೂ 95ಕ್ಕೆ ಬಂತು. ಮೈಕ್ರೋಫೈಬರಿಗೆ ಅದರಿಂದ ಹೆಚ್ಚಿಗೇನೂ ಸಿಗಲಿಲ್ಲ.

ಈ ಲೆಕ್ಕ ಕೇಳಿ ಮೈಕ್ರೋಫೈಬರ್ ತಂದು ಒಂದೇ ಪ್ಯಾಡನ್ನು ಒಂದೇ ಬಕೆಟ್ಟಿನಲ್ಲಿ ಮನೆ ತುಂಬ ಅದ್ದುವವರಿದ್ದಾರೆ. ಪ್ಯಾಡನ್ನು ಕೋಣೆ ಕೋಣೆಗೂ ಬದಲಿಸಿದಾಗ ಒಂದು ಕೋಣೆಯ ಕೊಳೆ ಇನ್ನೊಂದಕ್ಕೆ ದಾಟುವುದಿಲ್ಲ. ನರ್ಸಿಂಗ್ ಹೋಮಿನವರು ದುಡ್ಡು ಕೊಟ್ಟಿದ್ದು ಅದಕ್ಕೆ.

ಮನೆಯಲ್ಲಿ ನಾನು ಮಾಡುವುದು ಹೀಗೆ. ಎರಡು ಬೆಡ್‌ರೂಮಿನ ಮನೆಗೆ ಐದು ಪ್ಯಾಡ್: ಹಾಲಿಗೆ ಎರಡು, ರೂಮಿಗೊಂದೊಂದು, ಅಡುಗೆಮನೆಗೊಂದು. ಒಂದು ಡಬ್ಬದಲ್ಲಿ ಒಂದು ಲೀಟರ್ ನೀರಿಗೆ ಅಳತೆಯ ಕ್ಲೀನರ್ ಬೆರೆಸಿ, ಪ್ಯಾಡುಗಳನ್ನು ಮಡಚಿಟ್ಟು ಮೇಲಿಂದ ಸುರಿಯುತ್ತೇನೆ. ಹತ್ತು ನಿಮಿಷದಲ್ಲಿ ನೀರೆಲ್ಲ ಹೀರಿರುತ್ತವೆ. ತೆಗೆದಾಗ ಹನಿ ತೊಟ್ಟಿಕ್ಕಬಾರದು. ವೆಲ್ಕ್ರೋಗೆ ಅಂಟಿಸಿ, ಕೋಣೆಯ ಒಳಮೂಲೆಯಿಂದ ಬಾಗಿಲ ಕಡೆಗೆ ಹಿಮ್ಮುಖವಾಗಿ, ಹಾವು ಹರಿದ ಹಾಗೆ ಎಳೆಯುತ್ತಾ ಬರುತ್ತೇನೆ. ಮಾಪಿನ ಮುಂಭಾಗ ಯಾವಾಗಲೂ ಮುಂದೇ ಇರಬೇಕು. ತಿರುವಿನಲ್ಲಿ ಎತ್ತಿದರೆ ಅಲ್ಲೊಂದು ಕಸದ ಗೆರೆ ಉಳಿಯುತ್ತದೆ. ಬಳಸಿದ ಪ್ಯಾಡ್ ಸೀದಾ ಒಗೆಯುವ ಬಕೆಟ್ಟಿಗೆ, ಡಬ್ಬಕ್ಕೆ ವಾಪಸ್ ಇಲ್ಲ. ಇಡೀ ಮನೆಗೆ ಒಂದು ಲೀಟರ್ ನೀರು ಎಂದರೆ ಮೊದಲು ಯಾರೂ ನಂಬುವುದಿಲ್ಲ.

ಒರೆಸುವ ಮುಂಚೆ ಕಸ ಗುಡಿಸಲೇಬೇಕು. ಕೂದಲು, ಮರಳು ಇದ್ದರೆ ಪ್ಯಾಡ್ ಅದನ್ನು ಮುಂದೆ ತಳ್ಳಿಕೊಂಡು ಹೋಗುತ್ತದೆ, ಪಾಲಿಶ್ ಮಾಡಿದ ಮಾರ್ಬಲ್ ಮೇಲೆ ಮರಳು ಗೀರುತ್ತದೆ. ಮೊಸಾಯಿಕ್, ಗ್ರಾನೈಟ್, ವಿಟ್ರಿಫೈಡ್, ಹಳೇ ಮನೆಯ ಕೆಂಪು ಗಾರೆ, ಇವಕ್ಕೆಲ್ಲ ನನ್ನ ಮೊದಲ ಆಯ್ಕೆ ಇದೇ. ಬಾತ್‌ರೂಮಿನ ಆಂಟಿ-ಸ್ಕಿಡ್ ಟೈಲ್ಸ್ ಮತ್ತು ಆಳದ ಗ್ರೌಟ್ ಸಂದಿಗೆ ಬ್ರಷ್ಷೇ ಬೇಕು, ಮೂರರಲ್ಲಿ ಯಾವ ಮಾಪೂ ಅಲ್ಲಿಗೆ ಇಳಿಯುವುದಿಲ್ಲ.

5. ಬ್ಲೀಚ್ ಬೇಡ, ಕಂಫರ್ಟೂ ಬೇಡ

ಇದನ್ನು ಕಲಿತದ್ದು ಹನ್ನೆರಡು ಪ್ಯಾಡ್ ಕಳೆದುಕೊಂಡು. ಬೆಳ್ಳಗಾಗಲಿ ಅಂತ ನಮ್ಮ ಹುಡುಗಿಯೊಬ್ಬಳು ರಾತ್ರಿಯಿಡೀ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ನೆನೆಹಾಕಿದ್ದಳು. ಬೆಳ್ಳಗೇನೋ ಆದವು. ಮೈಕ್ರೋಫೈಬರಿನಲ್ಲಿ ಪಾಲಿಯೆಸ್ಟರ್ ಜೊತೆ ಪಾಲಿಯಮೈಡ್, ಅಂದರೆ ನೈಲಾನ್ ಜಾತಿಯ ಎಳೆ ಇರುತ್ತದೆ. ಕ್ಲೋರಿನ್ ಅದನ್ನು ತಿನ್ನುತ್ತದೆ. ಬಟ್ಟೆ ಮೆತ್ತಗಾಗಲು ಹಾಕುವ ಕಂಡೀಷನರ್ ಇನ್ನೊಂದು ಥರ ಕೆಡಿಸುತ್ತದೆ. ಸೀಳಿದ ಎಳೆಗಳ ಸಂದಿಗೆ ಎಣ್ಣೆಯಂಥ ಪದರ ಕೂತರೆ ಪ್ಯಾಡ್ ಕೊಳೆಯನ್ನು ಹಿಡಿಯುವ ಬದಲು ಜಾರುತ್ತದೆ. ಟವೆಲ್ ಜೊತೆ ಮಷಿನ್ನಿಗೆ ಹಾಕಿದರೆ ಹತ್ತಿಯ ಜುಂಗೆಲ್ಲ ಪ್ಯಾಡಿಗೆ. ಬೇರೆಯಾಗಿ, ಬಿಸಿನೀರಲ್ಲಿ, ಸ್ವಲ್ಪವೇ ಡಿಟರ್ಜೆಂಟ್ ಸಾಕು.

ಪ್ಯಾಡ್ ಇನ್ನೂ ಜೀವಂತವಾಗಿದೆಯೇ ಅಂತ ನೋಡಲು ಒಣಗಿದ ಪ್ಯಾಡ್ ಮೇಲೆ ಬೆರಳು ಎಳೆಯಿರಿ. ಪಾತ್ರೆ ಉಜ್ಜಿ ಒರಟಾದ ಬೆರಳ ತುದಿಗೆ ಅದು ಕಚ್ಚಿಕೊಳ್ಳಬೇಕು. ನುಣ್ಣಗೆ ಜಾರಿದರೆ ಬೈಕ್ ಒರೆಸಲು ಮಗನಿಗೆ ಕೊಡಿ.

6. ಕೋಲು ಗಲ್ಲದವರೆಗೆ

ಕೋಲು ಗಲ್ಲದೆತ್ತರಕ್ಕೆ ಬರಬೇಕು. ಕಡಿಮೆಯಿದ್ದರೆ ಸೊಂಟ ಬಾಗುತ್ತದೆ. ವಯಸ್ಸಾದವರಿಗೆ ಸ್ಪಿನ್ ಮಾಪ್ ಸುಲಭ ಅನ್ನುತ್ತಾರೆ. ಹಿಂಡುವುದು ಸುಲಭ, ನಿಜ. ತುಂಬಿದ ಬಕೆಟ್ಟನ್ನು ಮೊದಲ ಮಹಡಿಗೆ ಎತ್ತುವುದು ಯಾರು? ಎಪ್ಪತ್ತು ದಾಟಿದ ಒಬ್ಬ ಮೇಡಂ ಮನೆಯಲ್ಲಿ ಆ ಬಕೆಟ್ಟನ್ನು ಅಂಗಳಕ್ಕೆ ಕಳಿಸಿ, ಹಗುರವಾದ ಫ್ಲಾಟ್ ಮಾಪೂ ಆರು ಪ್ಯಾಡೂ ಕೊಟ್ಟು ಬಂದೆ. "ಒಗೆಯೋದು ಮಾತ್ರ ನನ್ನ ಕೈಲಾಗಲ್ಲ ಕಣಮ್ಮ" ಅಂದರು. ವಾರಕ್ಕೆರಡು ಸಲ ನಮ್ಮ ಹುಡುಗಿ ಹೋಗಿ ಕೊಳೆ ಪ್ಯಾಡುಗಳನ್ನು ತಂದು, ಒಗೆದವನ್ನು ಕೊಟ್ಟು ಬರುತ್ತಾಳೆ.

7. ತಲೆ ಮೇಲೆ, ಬಿಸಿಲಿಗೆ

ಮಾಪನ್ನು ಬಕೆಟ್ಟಿನೊಳಗೇ ನಿಲ್ಲಿಸಿ ಬಾತ್‌ರೂಮಿನ ಬಾಗಿಲ ಹಿಂದೆ ಇಡುವುದು ನಮ್ಮೂರ ಅಭ್ಯಾಸ. ತಲೆ ಮೇಲೆ ಮಾಡಿ ಗಾಳಿಯಲ್ಲಿ ನಿಲ್ಲಿಸಿ, ಇಲ್ಲವೇ ತಲೆಯನ್ನು ಬಿಚ್ಚಿ ಹಗ್ಗಕ್ಕೆ ಹಾಕಿ. ಬಕೆಟ್ ತೊಳೆದು ಬೋರಲು ಹಾಕಿ. ಸ್ಪಿನ್ ಬುಟ್ಟಿಯ ಕೆಳಗೆ ಕೂದಲು ಸುತ್ತಿಕೊಂಡಿರುತ್ತದೆ, ತಿಂಗಳಿಗೊಮ್ಮೆ ಬುಟ್ಟಿ ಎತ್ತಿ ಕಿತ್ತು ಹಾಕಿ. ಕುವೆಂಪುನಗರದ ಆ ಮನೆಯಲ್ಲಿ ಮೊದಲ ಸಲ ಬುಟ್ಟಿ ಎತ್ತಿದಾಗ ಕೂದಲ ಜೊತೆ ಮೂರು ಹೇರ್‌ಪಿನ್, ಒಂದು ಕಿವಿಯೋಲೆಯ ತಿರುಪು ಸಿಕ್ಕಿತು. ತಿರುಪನ್ನು ತೊಳೆದು ಕೈಗಿಟ್ಟಾಗ ಆ ಮನೆಯಾಕೆ, ಎರಡು ತಿಂಗಳಿಂದ ಇದಕ್ಕೋಸ್ಕರ ಸೋಫಾ ಎಲ್ಲ ಜರುಗಿಸಿದ್ದೆ ಅಂದರು.