ಏರಿದ ವೋಲ್ಟು, ಇಳಿದ ಗ್ರಾವಿಟಿ

ನಮ್ಮದು ಮಲೆನಾಡಿನ ಒಂಟಿ ಮನೆ. ಮಳೆಗಾಲದಲ್ಲಿ ಒಂದು ಮರ ಲೈನಿನ ಮೇಲೆ ಬಿದ್ದರೆ ಎರಡು ದಿನ ಕರೆಂಟಿಲ್ಲ. ಹಾಗಾಗಿ 850 ವಿಎ ಇನ್ವರ್ಟರ್, ಅದಕ್ಕೊಂದು 12 ವೋಲ್ಟಿನ, 150 ಆಂಪಿಯರ್-ಅವರ್ ಟ್ಯೂಬ್ಯುಲರ್ ಬ್ಯಾಟರಿ ಇಟ್ಟುಕೊಂಡಿದ್ದೇವೆ. ಮೊದಲ ಬ್ಯಾಟರಿಯನ್ನು ಮೂರನೇ ಮಳೆಗಾಲಕ್ಕೇ ಗುಜರಿಗೆ ಹಾಕಬೇಕಾಯಿತು. ಅದನ್ನು ಕೊಂದವನು ನಾನೇ. ಹೇಗೆ ಎಂದು ಗೊತ್ತಾಗಿದ್ದು ಎರಡನೆಯದು ಬಂದ ಮೇಲೆ.

ಆಗ ನಾನು ಮಾಡುತ್ತಿದ್ದುದು ಇಷ್ಟು. ಲೋ ಬ್ಯಾಟರಿ ಎಂದು ಇನ್ವರ್ಟರ್ ಕೂಗಿ ಆಫ್ ಆಗುತ್ತಿತ್ತು. ಅರ್ಧ ಗಂಟೆ ಬಿಟ್ಟು ಮೀಟರ್ ಹಿಡಿದರೆ ವೋಲ್ಟು ಮೇಲೆ ಬಂದಿರುತ್ತಿತ್ತು. ಪಂಪ್ ನಿಲ್ಲಿಸಿದ ಬಾವಿಯಲ್ಲಿ ಒರತೆ ಬಂದು ನೀರು ಏರುತ್ತದಲ್ಲ, ಹಾಗೇ ಬ್ಯಾಟರಿಯೂ ಸುಧಾರಿಸಿಕೊಂಡಿದೆ ಎಂದುಕೊಂಡು ಮತ್ತೆ ಆನ್ ಮಾಡುತ್ತಿದ್ದೆ. ಒಂದು ರಾತ್ರಿಯಲ್ಲಿ ನಾಲ್ಕೈದು ಸಲ ಹೀಗೆ ನಡೆದದ್ದಿದೆ. ಬಾವಿಗೆ ಹೊರಗಿನಿಂದ ನೀರು ಬರುತ್ತದೆ. ಕರೆಂಟ್ ಹೋದ ಮನೆಯ ಬ್ಯಾಟರಿಗೆ ಯಾವ ಕಡೆಯಿಂದಲೂ ಏನೂ ಬರುವುದಿಲ್ಲ. ಹಾಗಿದ್ದರೆ ಏರುವುದೇನು?

ಇದನ್ನು ಕಣ್ಣಾರೆ ತೋರಿಸಿದವರು ನಮ್ಮೂರ ಕಡೆ ಬ್ಯಾಟರಿ ಕೆಲಸ ಮಾಡುವ ಹಿರಿಯರೊಬ್ಬರು. ಅವತ್ತು ಮನೆ ತುಂಬ ನೆಂಟರು. ನಾಲ್ಕು ಫ್ಯಾನು, ಫ್ರಿಜ್ಜು, ಟೀವಿ, ದೀಪ ಎಲ್ಲ ಸೇರಿ ಐನೂರು ವಾಟ್ ದಾಟಿತ್ತು. ಬ್ಯಾಟರಿ ವೈರಿಗೆ ಕ್ಲ್ಯಾಂಪ್ ಮೀಟರ್ ಹಾಕಿದರೆ 60 ಆಂಪಿಯರ್. ಸಂಜೆ 7.40ಕ್ಕೆ ಕರೆಂಟ್ ಹೋಗಿದ್ದು, 9.10ಕ್ಕೆ ವೋಲ್ಟು 10.5ಕ್ಕೆ ಇಳಿದು ಇನ್ವರ್ಟರ್ ಆಫ್ ಆಯಿತು. ನಾನು ಟಾರ್ಚ್ ಹಿಡಿದುಕೊಂಡು ಮೀಟರಿನ ಕಡ್ಡಿಗಳನ್ನು ನೇರ ಸೀಸದ ಕಂಬಕ್ಕೇ ಒತ್ತಿದ್ದೆ. ಕ್ಲಾಂಪಿನ ಮೇಲೆ ಹಿಡಿದರೆ ಅದರ ತುಕ್ಕಿನ ನಷ್ಟವೂ ಲೆಕ್ಕಕ್ಕೆ ಸೇರಿಬಿಡುತ್ತದೆ ಎಂದು ಅವರು ಮೊದಲೇ ಹೇಳಿದ್ದರು.

ಲೋಡ್ ತಪ್ಪಿದ ಕ್ಷಣಕ್ಕೇ 10.5 ಇದ್ದದ್ದು 10.85 ಆಯಿತು, ರೆಪ್ಪೆ ಬಡಿಯುವಷ್ಟರಲ್ಲಿ. ಪ್ಲೇಟು, ಆಸಿಡ್ಡು, ಒಳಗಿನ ಬೆಸುಗೆಗಳು ಕರೆಂಟಿಗೆ ಒಡ್ಡುವ ತಡೆಯಿಂದ ಕಳೆದುಹೋಗುತ್ತಿದ್ದ ವೋಲ್ಟು ಅದು. ಕರೆಂಟ್ ಹರಿಯುವುದು ನಿಂತರೆ ಆ ನಷ್ಟವೂ ಅಲ್ಲಿಗೇ ನಿಲ್ಲುತ್ತದೆ. ಆಮೇಲಿನ ಏರಿಕೆಯ ನಡಿಗೆಯೇ ಬೇರೆ. ಒಂದು ನಿಮಿಷಕ್ಕೆ 11.3, ಹತ್ತು ನಿಮಿಷಕ್ಕೆ 11.6, ಒಂದು ಗಂಟೆಗೆ 11.9. ಏರುತ್ತಲೇ ಇದೆ, ಆದರೆ ಪ್ರತಿ ಹೆಜ್ಜೆಯೂ ಹಿಂದಿನದಕ್ಕಿಂತ ನಿಧಾನ.

ಅವರು ಹೇಳಿದರು: "ತಮ್ಮಾ, ವೋಲ್ಟು ನೋಡಿದ್ದಾಯ್ತಲ್ಲ, ಈಗ ಗ್ರಾವಿಟಿ ನೋಡು. ಬೆಳಿಗ್ಗೆ ಎದ್ದು ಇನ್ನೊಂದು ಸಲ ನೋಡು."

ಗ್ರಾವಿಟಿ ಎಂದರೆ ಆಸಿಡ್ ಎಷ್ಟು ಗಟ್ಟಿಯಿದೆ ಎಂಬ ಅಳತೆ. ಮುಚ್ಚಳ ತೆಗೆದು ಹೈಡ್ರೋಮೀಟರಿನ ರಬ್ಬರ್ ಬುರುಡೆ ಒತ್ತಿ ಬಿಟ್ಟರೆ ಆಸಿಡ್ ಗಾಜಿನ ಕೊಳವೆಗೆ ಏರುತ್ತದೆ, ಒಳಗಿನ ತೇಲುಕಡ್ಡಿ ಎಲ್ಲಿಗೆ ಮುಳುಗಿತೋ ಅದೇ ಅಂಕಿ. ಪೂರ್ತಿ ಚಾರ್ಜ್ ಆದಾಗ ನಮ್ಮ ಬ್ಯಾಟರಿಯಲ್ಲಿ ಅದು 1.240. ಆ ರಾತ್ರಿ, ಇನ್ವರ್ಟರ್ ಕೈಕೊಟ್ಟ ಸ್ವಲ್ಪ ಹೊತ್ತಿಗೇ, ಆರೂ ಸೆಲ್‌ಗಳಲ್ಲಿ 1.185ರ ಆಸುಪಾಸು. ಬ್ಯಾಟರಿ ಸತ್ತಿದೆ ಎಂದು ಇನ್ವರ್ಟರ್ ಹೇಳುತ್ತಿದೆ, ಆಸಿಡ್ ನೋಡಿದರೆ ಅರ್ಧದಷ್ಟು ಬಾಕಿ ಇದೆ ಅನ್ನುತ್ತಿದೆ. ಬೆಳಿಗ್ಗೆ ನೋಡಿದೆ. ವೋಲ್ಟು ಇನ್ನೂ ಏರಿ 12.05. ಗ್ರಾವಿಟಿ ಇಳಿದು 1.170! ರಾತ್ರಿಯಿಡೀ ಬ್ಯಾಟರಿಗೆ ಯಾರೂ ಏನೂ ಕೊಟ್ಟಿಲ್ಲ, ಅದರಿಂದ ಏನೂ ತೆಗೆದಿಲ್ಲ. ಆದರೂ ಒಂದು ಏರಿದೆ, ಇನ್ನೊಂದು ಇಳಿದಿದೆ.

ಈ ಎರಡು ಅಂಕಿಗಳನ್ನು ಜೊತೆಗಿಟ್ಟು ನೋಡಿದಾಗಲೇ ನನಗೆ ವಿಷಯ ಅರ್ಥವಾದದ್ದು. ಬ್ಯಾಟರಿ ಕರೆಂಟ್ ಕೊಡುವಾಗ ಎರಡೂ ಪ್ಲೇಟುಗಳು ಗಂಧಕಾಮ್ಲವನ್ನು ತಿನ್ನುತ್ತವೆ. ಪಾಸಿಟಿವ್ ಪ್ಲೇಟಿನಲ್ಲಂತೂ ಅದರ ಜೊತೆಗೆ ನೀರೂ ಹುಟ್ಟುತ್ತದೆ. ಈ ಕೆಲಸ ನಡೆಯುವುದು ತೊಟ್ಟಿಯಲ್ಲಿ ತುಂಬಿದ ಆಸಿಡ್ಡಿನ ಮಧ್ಯದಲ್ಲಲ್ಲ, ಸ್ಪಂಜಿನಂತಿರುವ ಪ್ಲೇಟಿನ ಒಳಗಿನ ಸಣ್ಣ ಸಣ್ಣ ರಂಧ್ರಗಳಲ್ಲಿ. ಅಲ್ಲಿ ಆಸಿಡ್ ಖರ್ಚಾದಂತೆ ಹೊರಗಿನ ಗಟ್ಟಿ ಆಸಿಡ್ ಒಳಗೆ ಇಳಿಯಬೇಕು. ಯಾರೂ ಕಲಕುವುದಿಲ್ಲ, ತಾನಾಗಿ ಹರಡಿಕೊಂಡು ಹೋಗಬೇಕು, ಅದು ಬಹಳ ನಿಧಾನದ ಕೆಲಸ. ಮೂರು ಆಂಪಿಯರ್ ಎಳೆದರೆ ಈ ನಿಧಾನ ಸಾಕಾಗುತ್ತದೆ. ಅರವತ್ತು ಎಳೆದರೆ ರಂಧ್ರದೊಳಗೆ ಹೆಚ್ಚುಕಡಿಮೆ ನೀರೇ ಉಳಿಯುತ್ತದೆ. ಮೀಟರು ತೋರಿಸುವ ವೋಲ್ಟು ಪ್ಲೇಟಿಗೆ ತಾಗಿರುವ ಆ ತೆಳು ಆಸಿಡ್ಡಿನದು. ಹೈಡ್ರೋಮೀಟರ್ ಹೀರುವುದು ಪ್ಲೇಟಿನ ಮೇಲೆ ನಿಂತ ಗಟ್ಟಿ ಆಸಿಡ್ಡನ್ನು. ಆ ರಾತ್ರಿ ಎರಡೂ ಪೂರ್ತಿ ನಿಜ ಹೇಳಿರಲಿಲ್ಲ. ಬೆಳಗಾಗುವಷ್ಟರಲ್ಲಿ ಒಳಗಿನದೂ ಹೊರಗಿನದೂ ಬೆರೆತು ಸಮವಾಗಿತ್ತು. ಒಳಗಿನದು ಗಟ್ಟಿಯಾದ್ದರಿಂದ ವೋಲ್ಟು ಏರಿತು, ಹೊರಗಿನದು ತೆಳುವಾದ್ದರಿಂದ ಗ್ರಾವಿಟಿ ಇಳಿಯಿತು.

ಸಮವಾಗಿದೆಯೇ ಎಂದು ತಾಳೆ ನೋಡಲು ಅವರೊಂದು ಲೆಕ್ಕ ಕೊಟ್ಟರು. ಗ್ರಾವಿಟಿಗೆ 0.84 ಕೂಡಿಸಿದರೆ ವಿಶ್ರಾಂತಿಯಲ್ಲಿರುವ ಒಂದು ಸೆಲ್ಲಿನ ವೋಲ್ಟು ಸುಮಾರಾಗಿ ಸಿಗುತ್ತದೆ. 1.170ಕ್ಕೆ ಕೂಡಿಸಿದರೆ 2.01, ಆರು ಸೆಲ್ಲಿಗೆ 12.06. ಮೀಟರಿನ 12.05ಕ್ಕೆ ಸರಿಹೋಯಿತು. ರಾತ್ರಿಯ 1.185ಕ್ಕೆ ಇದೇ ಲೆಕ್ಕ ಹಾಕಿದರೆ 12.15 ಬರುತ್ತದೆ, ಮೀಟರಿನಲ್ಲಿ ಆಗ ಇದ್ದದ್ದು ಹನ್ನೊಂದೂವರೆ. ಎರಡೂ ತಾಳೆಯಾಗದಿದ್ದರೆ ಒಳಗಿನ ಬೆರೆಯುವಿಕೆ ಮುಗಿದಿಲ್ಲ ಎಂದರ್ಥ.

ಹಾಗಾದರೆ ಇನ್ವರ್ಟರ್ ಆಫ್ ಆದ ಮೇಲೂ ಬ್ಯಾಟರಿಯಲ್ಲಿ ಚಾರ್ಜ್ ಉಳಿದಿರುತ್ತದೆಯೇ? ಉಳಿದಿರುತ್ತದೆ. ಅರವತ್ತು ಆಂಪಿಯರಿನಂತೆ ಒಂದೂವರೆ ಗಂಟೆ ಎಂದರೆ ಖರ್ಚಾದದ್ದು 90 ಆಂಪಿಯರ್-ಅವರ್. ಉಳಿದದ್ದನ್ನು ಅದೇ ವೇಗದಲ್ಲಿ ಕೊಡಲು ಬ್ಯಾಟರಿಗೆ ಆಗಲಿಲ್ಲ, ಅಷ್ಟೇ. ಮಾರನೇ ದಿನ ಸಂಜೆಯೂ ಕರೆಂಟ್ ಬರಲಿಲ್ಲ. ನಾಲ್ಕು ಎಲ್‌ಇಡಿ ಬಲ್ಬು ಮಾತ್ರ ಹಾಕಿ, ಮೂರು ಆಂಪಿಯರಿನಂತೆ ಐದು ಗಂಟೆ ಓಡಿಸಿದೆ. ವೋಲ್ಟು 11.8ರ ಕೆಳಗೆ ಹೋಗಲಿಲ್ಲ. ಹಳೆಯ ಬ್ಯಾಟರಿಗೆ ನಾನು ಮಾಡಿದ ತಪ್ಪು ಇಲ್ಲೇ ಇದೆ. ಆಫ್ ಆದ ಮೇಲೆ ಮತ್ತೆ ಅದೇ ಫ್ರಿಜ್ಜು, ಅದೇ ಫ್ಯಾನುಗಳನ್ನು ಹಾಕಿ ಐದೈದು ನಿಮಿಷ ಹಿಂಡಿ, ತಳ ಕಂಡ ಬ್ಯಾಟರಿಯನ್ನು ಎರಡೆರಡು ದಿನ ಹಾಗೇ ಬಿಟ್ಟೆ. ಕರೆಂಟ್ ಬಂದರೂ ಪೂರ್ತಿ ಚಾರ್ಜ್ ಆಗುವ ಮೊದಲೇ ಹೋಗುತ್ತಿತ್ತು. ಪ್ಲೇಟಿನ ಮೇಲೆ ಕೂತ ಸೀಸದ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾದರೆ ಚಾರ್ಜ್ ಮಾಡಿದರೂ ಅದು ಸುಲಭಕ್ಕೆ ಕರಗುವುದಿಲ್ಲ.

ಮೊಬೈಲಿನ ಲಿಥಿಯಂ ಬ್ಯಾಟರಿಯಲ್ಲಿ ಆಸಿಡ್ ಇಲ್ಲ, ಆದರೆ ಕಥೆ ಹತ್ತಿರದ್ದೇ. ಅಲ್ಲಿ ಗ್ರಾಫೈಟ್ ಕಣಗಳ ಒಳಗೆ ಲಿಥಿಯಂ ಸಮನಾಗಿ ಹರಡಿಕೊಳ್ಳಲು ಹೊತ್ತು ಬೇಕು. ಆಫ್ ಆದ ಫೋನು ಸ್ವಲ್ಪ ಬಿಟ್ಟು ಆನ್ ಮಾಡಿದರೆ ಒಂದೆರಡು ನಿಮಿಷ ಜೀವ ಹಿಡಿಯುವುದು ಇದಕ್ಕೇ.

ಏರಿದ ವೋಲ್ಟನ್ನು ಬ್ಯಾಟರಿಯ ಆರೋಗ್ಯ ಎಂದು ತಿಳಿಯಬಾರದೆಂದು ಕಲಿತದ್ದು ಆಮೇಲೆ, ಪಕ್ಕದ ಮನೆಯವರ ಏಳು ವರ್ಷದ ಬ್ಯಾಟರಿಯಿಂದ. ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ಅಳೆದರೆ ಅದೂ 12.0 ತೋರಿಸಿತು. "ಇನ್ನೂ ಪರವಾಗಿಲ್ಲ ಅಲ್ಲವಾ?" ಎಂದು ಅವರು ಆಸೆಯಿಂದ ಕೇಳಿದರು. ಫ್ಯಾನು, ಫ್ರಿಜ್ಜು ಹಾಕಿಸಿದೆ. ಎರಡೇ ನಿಮಿಷದಲ್ಲಿ 10.5ಕ್ಕೆ ಬಿತ್ತು. ಮುಚ್ಚಳ ತೆಗೆದು ಒಂದೊಂದೇ ಸೆಲ್ ನೋಡುತ್ತ ಹೋದೆ. ಐದರಲ್ಲಿ 1.170, ನಾಲ್ಕನೆಯದರಲ್ಲಿ ಮಾತ್ರ ತೇಲುಕಡ್ಡಿ 1.110ರವರೆಗೆ ಮುಳುಗಿತ್ತು.