ಎರಡೂ ‘ಪಿಎಂ’, ಹೊಣೆ ಬೇರೆ

ಒಂದು ಔಷಧಿ ಡೆಲಿವರಿ ಆ್ಯಪ್ ಇದೆ ಎಂದುಕೊಳ್ಳಿ. ವೈದ್ಯರ ಚೀಟಿ ಅಪ್‌ಲೋಡ್ ಮಾಡುವ ಪುಟಕ್ಕೆ ಬಂದ ಗ್ರಾಹಕರು ಅಲ್ಲಿಂದಲೇ ವಾಪಸ್ ಹೋಗುತ್ತಿದ್ದಾರೆ. ಯಾಕೆಂದು ಹುಡುಕುವವರು ಪ್ರಾಡಕ್ಟ್ ಮ್ಯಾನೇಜರ್. ಗ್ರಾಹಕರನ್ನು ಮಾತಾಡಿಸಿದಾಗ, ಫೋಟೊ ಮಸುಕಾಗಿ ಚೀಟಿ ತಿರಸ್ಕೃತವಾಗುತ್ತಿರುವುದು ಗೊತ್ತಾಗುತ್ತದೆ. ಮೊದಲು ಕ್ಯಾಮೆರಾದಲ್ಲೇ ಎಚ್ಚರಿಕೆ ಕೊಡೋಣ, ರಿಯಾಯಿತಿ ಕೂಪನ್ ಆಮೇಲೆ ನೋಡೋಣ ಎಂದು ಅವರು ತೀರ್ಮಾನಿಸುತ್ತಾರೆ. ಅಷ್ಟಾದರೂ ಗ್ರಾಹಕರು ನಿಲ್ಲದಿದ್ದರೆ ಉತ್ತರ ಹೇಳಬೇಕಾದವರೂ ಅವರೇ.

ಆ ಬದಲಾವಣೆಯನ್ನು ಆರು ವಾರದಲ್ಲಿ ಮುಗಿಸಿಕೊಡುವುದು ಪ್ರಾಜೆಕ್ಟ್ ಮ್ಯಾನೇಜರ್ ಹೊಣೆ. ಟೆಸ್ಟಿಂಗ್ ತಂಡ ಯಾವಾಗ ಸಿಗುತ್ತದೆ, ಡಿಸೈನ್ ತಡವಾದರೆ ಯಾವ ಕೆಲಸ ನಿಲ್ಲುತ್ತದೆ, ಖರ್ಚು ಎಷ್ಟು ಏರುತ್ತದೆ ಎಂಬುದರ ಮೇಲೆ ಅವರ ಕಣ್ಣು.

ಸಣ್ಣ ಕಂಪನಿಗಳಲ್ಲಿ ಎರಡೂ ಒಬ್ಬರ ತಲೆಗೇ ಬರುವುದುಂಟು. ಹಾಗಾಗಿ ಹುದ್ದೆಯ ಹೆಸರನ್ನು ನಂಬಬೇಡಿ. ‘ಏನು ಕಟ್ಟಬೇಕೆಂದು ನಿರ್ಧರಿಸುವವರು ಯಾರು?’ ಎಂದು ಸಂದರ್ಶನದಲ್ಲೇ ಕೇಳಿ.

ನೀವು ಹೊಸಬರಾಗಿದ್ದು ಪ್ರಾಜೆಕ್ಟ್ ಕಡೆ ಹೋಗುವುದಾದರೆ, ಪಿಎಂಪಿ ಪರೀಕ್ಷೆಗೆ ಈಗಲೇ ದುಡ್ಡು ಸುರಿಯಬೇಡಿ. ನಾಲ್ಕು ವರ್ಷದ ಪದವಿ ಇದ್ದರೂ ಅದಕ್ಕೆ 36 ತಿಂಗಳ ಪ್ರಾಜೆಕ್ಟ್ ಅನುಭವ ಬೇಕು, ಸಿಎಪಿಎಂಗೆ ಬೇಡ. ಹೊಸಬರಿಗೆ ನೇರ ಪ್ರಾಡಕ್ಟ್ ಹುದ್ದೆಗಳು ಕಡಿಮೆ. ಆ ಕಡೆಯೇ ಒಲವಿದ್ದರೆ ಡೇಟಾ ಅನಾಲಿಸ್ಟ್ ಅಥವಾ ಗ್ರಾಹಕ ಬೆಂಬಲದ ಕೆಲಸದಿಂದ ಒಳಗೆ ಹೋಗಿ.